ಬೊಬ್ಬರ್ಯನ ಗುಡಿಗೆ ಯಾವ ಹೊಯ್ಗೆ

ಕೊರಗ ಮೇಸ್ತ್ರಿಯೂ ಅವನ ಹೆಂಡತಿಯ ತಮ್ಮ ಕುಷ್ಟನೂ ಎಂಟು ವರ್ಷದಿಂದ ಒಂದೇ ಕೆಲಸದಲ್ಲಿದ್ದರು, ತಮ್ಮತಮ್ಮಲ್ಲಿ ಒಂದು ಮಾತೂ ಆಡಿರಲಿಲ್ಲ. ಕೊರಗ ಕಟ್ಟುವವ, ಕುಷ್ಟ ಕಂಬಿ ಕಟ್ಟುವವ. ತ್ರಾಸಿಯಿಂದ ಕೋಟೇಶ್ವರದವರೆಗೆ ಕುಷ್ಟನಷ್ಟು ಬಿಗಿಯಾಗಿ ಕಂಬಿ ಕಟ್ಟುವವ ಇರಲಿಲ್ಲ, ಕೊರಗನಷ್ಟು ಅವನನ್ನು ಸಹಿಸುವ ಮೇಸ್ತ್ರಿಯೂ ಇರಲಿಲ್ಲ. ಹಾಗಾಗಿ ಇಬ್ಬರೂ ಸಿಕ್ಕಿದ್ದರ ಹತ್ತಿರ ಮಾತಾಡಿಕೊಂಡು ಕೆಲಸ ನಡೆಸುತ್ತಿದ್ದರು. ಕುಷ್ಟ ಸಿಮೆಂಟ್ ಚೀಲಕ್ಕೆ, "ಹ್ವಾಯ್, ರಿಂಗ್ ಆರ್ ಇಂಚಿಗಾ ಎಂಟ್ ಇಂಚಿಗಾ ಅಂತ ಕೇಣ್" ಎನ್ನುವುದು. ಕೊರಗ ಮಾಡಿನ ಮೇಲೆ, ಚಾವಣಿಯ ಅಂಚಿಗೆ ಕೂತ ಕಾಗೆಗೆ, "ಆರ್ ಇಂಚಿಗೆ ಅಂತ ಹೇಳ್" ಎನ್ನುವುದು. ಹೊಸದಾಗಿ ಬಂದ ಕೂಲಿಯವರಿಗೆ ಮೊದಲ ದಿನ ಹೆದರಿಕೆ, ಎರಡನೆಯ ದಿನ ನಗೆ, ಮೂರನೆಯ ದಿನ ಅವರೂ ಕಾಗೆಯನ್ನೇ ಕೇಳುತ್ತಿದ್ದರು. ಕುಷ್ಟನ ಅಕ್ಕ, ಕೊರಗನ ಹೆಂಡತಿ ಚಂದ್ರಮತಿ ಒಬ್ಬಳೇ ಇಬ್ಬರಿಗೂ ಬೈದು ಬೈದು ಸೋತಿದ್ದಳು.

ಸಿಟ್ಟಿಗೆ ಕಾರಣ ಊರಿಗೆಲ್ಲ ಗೊತ್ತು. ತೊಂಬತ್ತೊಂಬತ್ತರಲ್ಲಿ ಕೊರಗ ಕುಷ್ಟನ ಮನೆಯ ಚಾವಡಿಗೆ ಕಾಂಕ್ರೀಟಿನ ಮಾಡು ಹಾಕಿದ. ಎರಡು ಸಾವಿರದ ಐದರ ಒಂದು ಬೆಳಿಗ್ಗೆ ಅದು ಕೆಳಗೆ ಬಂತು. ಜನ ಉಳಿದರು, ಎರಡು ಕೋಳಿ ಸತ್ತವು, ಒಂದು ಹೊಸ ಬಲೆ ಹಾಳಾಯಿತು. ಸಿಮೆಂಟ್ ಕೆಟ್ಟದಿತ್ತು ಎಂದು ಕೊರಗ ಅಂದಿನಿಂದಲೂ ಹೇಳಿಕೊಂಡು ಬಂದ. ಊರು ನಂಬಿತೋ ಇಲ್ಲವೋ, ದೊಡ್ಡ ಕೆಲಸ ಮಾತ್ರ ಅವನಿಗೆ ಕೊಡಲಿಲ್ಲ. ದನದ ಕೊಟ್ಟಿಗೆ, ಬಚ್ಚಲು, ಹೆಚ್ಚೆಂದರೆ ಕಾಂಪೌಂಡ್ ಗೋಡೆ. ಅಂಥವನಿಗೆ ಎರಡು ಸಾವಿರದ ಹದಿಮೂರರಲ್ಲಿ ಕಡಲಿನ ದೈವ ಬೊಬ್ಬರ್ಯನ ಗುಡಿಯ ಮುಂದಿನ ಮಂಟಪ ಸಿಕ್ಕಿತು. ಬೇರೆ ಮೇಸ್ತ್ರಿಗಳು ಯಾರೂ ಖಾಲಿ ಇರಲಿಲ್ಲ, ಅಷ್ಟೆ. ಆದರೂ ಅವನು ಹಿಗ್ಗಿದ. ಇದು ನಿಂತರೆ ತನ್ನ ಹೆಸರು ನಿಲ್ಲುತ್ತದೆ, ಬಿದ್ದರೆ ಬಚ್ಚಲೂ ಸಿಗುವುದಿಲ್ಲ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಆ ವರ್ಷ ಹೊಳೆಯ ಹೊಯ್ಗೆ, ಅಂದರೆ ಮರಳು, ತೆಗೆಯುವುದು ನಿಂತುಹೋಗಿತ್ತು. ಹಣ ಕೊಟ್ಟರೂ ಹೊಯ್ಗೆ ಇಲ್ಲ. ಕೊರಗ ಕಲ್ಲು ಪುಡಿ ಮಾಡುವ ಕ್ರಷರಿನಿಂದ ಎಂ ಸ್ಯಾಂಡ್ ತರಿಸಿದ. ಮೊದಲ ಲೋಡು ಬಂದಾಗ ಒಂದು ಹಿಡಿ ತೆಗೆದು ಅಂಗೈಯಲ್ಲಿ ತಿಕ್ಕಿದ, ಕೈಗೆ ಬೂದಿಯ ಹಾಗೆ ಹುಡಿ ಮೆತ್ತಿತು. "ಇದ್ ಎಂ ಸ್ಯಾಂಡ್ ಅಲ್ಲ, ಕ್ರಷರಿನ ಧೂಳ್" ಎಂದು ಲಾರಿಯನ್ನು ಹಾಗೆಯೇ ತಿರುಗಿಸಿ ಕಳಿಸಿದ. ಎರಡನೆಯದು ತೊಳೆದ ಮಾಲು, ಕಾಳು ಕಾಳಾಗಿ ಚೂಪಾಗಿತ್ತು. ಇಳಿಸಿಕೊಂಡ.

ಆಗ ಬಂದ ಶೀನ. ಶೀನ ಗುಡಿಯ ಸಮಿತಿಯ ಅಧ್ಯಕ್ಷ, ಮೂವತ್ತು ವರ್ಷ ಮುಂಬಯಿಯಲ್ಲಿ ಕ್ಯಾಂಟೀನ್ ನಡೆಸಿದವ, ಕಾಂಕ್ರೀಟನ್ನೂ ಇಡ್ಲಿ ಹಿಟ್ಟಿನ ಹಾಗೆಯೇ ತಿಳಿದಿದ್ದ.

"ಅರೇ, ಎಂತ ಇದ್? ಮೆಷಿನ್ ಹೊಯ್ಗಿಯಾ? ದೈವಕ್ಕೆ ಹುಟ್ಟಿದ್ ಹೊಯ್ಗಿ ಬೇಕ್, ಮಾಡಿದ್ದಲ್ಲ. ನಾನ್ ಬಂದೋಬಸ್ತ್ ಮಾಡಿದೆ" ಎಂದ. ಬಂದೋಬಸ್ತು ಗುಡಿಯ ಹಿಂದೆ ತೆಂಗಿನ ಗರಿ ಹೊದ್ದು ಮಲಗಿತ್ತು. ಗರಿ ಸರಿಸಿದರೆ ಕಪ್ಪೆಚಿಪ್ಪಿನ ಚೂರು ಹೊಳೆಯುತ್ತಿದ್ದವು. ಹೊಳೆ ಸಮುದ್ರ ಸೇರುವ ಅಳಿವೆಯ ಹೊಯ್ಗೆ.

ಕೊರಗ ಒಂದು ಚೂರು ಹೆಕ್ಕಿ ಬೆಳಕಿಗೆ ಹಿಡಿದ. ಇದೇ ಹೊಯ್ಗೆ, ಇದೇ ಚಿಪ್ಪು.

"ಶೀನಣ್ಣ, ಇದ್ರಲ್ ಉಪ್ಪ್ ಇತ್. ಉಪ್ಪ್ ಕಂಬಿ ತಿಂತ್" ಎಂದ.

"ಉಪ್ಪ್ ಇಲ್ಲೆ. ಕಾಂಬ" ಎಂದು ಶೀನ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡ. ಚಪ್ಪರಿಸಿದ. "ಇಲ್ಲೆ." ಸಮಿತಿಯ ಏಳೂ ಜನ ಸಾಲಾಗಿ ಹೊಯ್ಗೆ ನೆಕ್ಕಿದರು. ಏಳೂ ಜನ, ಇಲ್ಲೆ ಎಂದರು. ಹುಟ್ಟಿದಾಗಿನಿಂದ ಒಣಮೀನು ತಿಂದ ನಾಲಗೆಗಳು, ಅವಕ್ಕೆ ಸಮುದ್ರವೇ ಸಪ್ಪೆ. ಕೊನೆಗೆ ಶೀನನ ಹೆಂಡತಿ ವನಜಳನ್ನು ಕರೆದರು. ಅವಳು ಒಣಮೀನಿನ ವ್ಯಾಪಾರದವಳು, ಉಪ್ಪಿನ ವಿಷಯದಲ್ಲಿ ಅವಳ ಮಾತೇ ಕೊನೆ. ವನಜ ಕಣ್ಣು ಮುಚ್ಚಿ ಅಗಿದು, ಉಗಿದು, "ಉಪ್ಪ್ ಇನ್ನೂ ಒಂದ್ ಮುಷ್ಟಿ ಹಾಕುಕ್ ಆತ್ತಿತ್" ಎಂದಳು.

ಕೊರಗ ಹಟ ಬಿಡಲಿಲ್ಲ. ಎರಡು ಗಾಜಿನ ಬಾಟಲಿ ತಂದು ಅರ್ಧ ಅರ್ಧ ಹೊಯ್ಗೆ ತುಂಬಿ, ನೀರು ಹಾಕಿ, ಕುಲುಕಿ ಗುಡಿಯ ಜಗಲಿಯ ಮೇಲಿಟ್ಟ. ಮಧ್ಯಾಹ್ನ ಊಟ ಮುಗಿಸಿ ಬಂದು ಎಲ್ಲರೂ ನೋಡಿದರು. ಎಂ ಸ್ಯಾಂಡಿನ ಬಾಟಲಿಯಲ್ಲಿ ಮೇಲೆ ಉಗುರಿನಷ್ಟು ತೆಳ್ಳಗೆ ಹುಡಿ. ಅಳಿವೆಯದರಲ್ಲಿ ನಾಲ್ಕು ಬೆರಳು ಹೊಯ್ಗೆಯ ಮೇಲೆ ಒಂದು ಬೆರಳು ಕೆಸರು. "ಇಷ್ಟ್ ಕೆಸ್ರ್ ಇದ್ರೆ ಸಿಮೆಂಟ್ ಹೊಯ್ಗಿಯನ್ನ್ ಹಿಡಿತಿಲ್ಲೆ. ಉಪ್ಪಿನ್ ಕತೆ ಬೇರೆಯೇ" ಎಂದ ಕೊರಗ.

"ಕೆಸರಲ್ಲ ಅದ್, ಸತ್ವ" ಎಂದ ಶೀನ. ಇಂಥವನಿಗೆ ಏನು ಹೇಳುತ್ತೀರಿ? ಕೋಣನ ಮುಂದೆ ಕಿನ್ನರಿ.

ಹೊಯ್ಗೆಯ ಜಗಳ ಮುಗಿಯುವ ಮೊದಲೇ ಜಲ್ಲಿಯದು ಶುರುವಾಯಿತು. ಅಡಿಪಾಯದ ತಳದ ಕಾಂಕ್ರೀಟಿಗೆ, ಬೆಡ್ಡಿಗೆ, ಹಾಕಿದ ಒಂದೂವರೆ ಇಂಚಿನ ಜಲ್ಲಿ ಒಂದು ರಾಶಿ ಉಳಿದಿತ್ತು. ಮಾಡಿಗೂ ಅದನ್ನೇ ಹಾಕಬೇಕು ಎಂದ ಶೀನ, ದೊಡ್ಡ ಕಲ್ಲು ದೊಡ್ಡ ಬಲ. ಕೊರಗ ಬೆರಳು ಮಡಚಿ ತಿಳಿಸಿದ: ನೆಲದ ಬೆಡ್ಡಿಗೆ ಒಂದೂವರೆ ಇಂಚಿನದು ಸರಿ, ಅಲ್ಲಿ ದಪ್ಪ ಇದೆ, ಕಂಬಿ ಇಲ್ಲ. ತೊಲೆಗೂ ನಾಲ್ಕಿಂಚಿನ ಮಾಡಿಗೂ ಮುಕ್ಕಾಲು ಇಂಚು. ಮಳೆ ಬಿಸಿಲಿಗೆ ಹೊರಚಾಚುವ ಎರಡೇ ಇಂಚು ದಪ್ಪದ ಛಜ್ಜಕ್ಕೆ ಅರ್ಧ ಇಂಚು. ಕಲ್ಲು ಕಂಬಿಯ ಸಂದಿಯಲ್ಲಿ ಇಳಿಯಬೇಕು, ಇಳಿಯದೆ ಮೇಲೆ ಕೂತರೆ ಕೆಳಗೆಲ್ಲ ಪೊಳ್ಳು. ಶೀನ ಹೂಂ ಹೂಂ ಎಂದು ಕೇಳಿ, "ದೈವದತ್ರವೇ ಕೇಂಬ" ಎಂದುಬಿಟ್ಟ.

ಅದು ಸಮಿತಿಯ ರೂಢಿ. ಏನು ತಕರಾರು ಬಂದರೂ ದರ್ಶನ ಇರಿಸುವುದು, ಪಾತ್ರಿಯ ಮೈಮೇಲೆ ದೈವ ಬಂದು ಹೇಳಿದ್ದೇ ತೀರ್ಮಾನ. ಧ್ವನಿವರ್ಧಕ ಯಾವ ಕಂಪನಿಯದು ಎನ್ನುವುದೂ ಹಾಗೆಯೇ ಆಗಿತ್ತು. ಇದರಲ್ಲಿ ಕೊರಗನಿಗೆ ಒಂದೇ ಒಂದು ಕಷ್ಟ. ಬೊಬ್ಬರ್ಯನ ಪಾತ್ರಿ ಬೇರೆ ಯಾರೂ ಅಲ್ಲ, ಕುಷ್ಟ.

ಮಂಗಳವಾರ ಬೆಳಿಗ್ಗೆ ಊರು ಸೇರಿತು. ಕುಷ್ಟ ಮಿಂದು, ಕೆಂಪು ರೇಷ್ಮೆಯ ಪಟ್ಟೆ ಉಟ್ಟು, ಅಡಿಕೆಯ ಹಿಂಗಾರ ಹಿಡಿದು ನಿಂತ. ವಾಲಗ ಜೋರಾಯಿತು, ಮೈ ನಡುಗಿತು, ದೈವ ಬಂತು. ಶೀನ ಕೈ ಮುಗಿದು ಎರಡು ತಟ್ಟೆ ಮುಂದಿಟ್ಟ, ಒಂದರಲ್ಲಿ ಅಳಿವೆಯ ಹೊಯ್ಗೆ, ಒಂದರಲ್ಲಿ ಎಂ ಸ್ಯಾಂಡ್. ಯಾವುದು ಒಪ್ಪಿಗೆ ಎಂದು ಕೇಳಿದ.

ದೈವ ಎರಡನ್ನೂ ಮುಟ್ಟಿ ನೋಡಿತು. "ಕಡ್ಲ್ ನಂದೇ. ಕಡ್ಲನ್ನ್ ತಂದ್ ನನ್ ತಲಿ ಮೇಲೂ ಹಾಕ್ತ್ರ್ಯಾ?" ಎಂದು ಅಳಿವೆಯ ತಟ್ಟೆಯನ್ನು ದೂಡಿತು.

ಕೊರಗನ ಕಣ್ಣಲ್ಲಿ ನೀರು ಬಂತು. ಶೀನನ ಮುಖ ಹುಳ್ಳಗಾಯಿತು. ಆದರೂ ಅಧ್ಯಕ್ಷನಲ್ಲವೇ, "ಜಲ್ಲಿಯಾದ್ರೂ ದೊಡ್ಡದ್ ಹಾಕುಕ್ ಅಪ್ಪಣೆ ಆಯ್ಕ್" ಎಂದು ಬೇಡಿದ. ದೈವಕ್ಕೂ ಎಲ್ಲರನ್ನೂ ಸಂತೋಷಪಡಿಸುವ ಕಷ್ಟ ಇರುತ್ತದೆ. "ಆಯ್ತ್, ದೊಡ್ಡದ್ ಹಾಕಿ" ಎಂದಿತು.

ಜನ ತಲೆಬಾಗಿದರು. ದೈವಕ್ಕೆ ಎದುರಾಡಿದವರು ಆ ಊರಲ್ಲಿ ಯಾರೂ ಇಲ್ಲ. ಸುಮ್ಮನಿದ್ದರೆ ಮಾಡು ಬೀಳುತ್ತದೆ. ಕೊರಗ ಮುಂದೆ ಬಂದು ಅಡ್ಡಬಿದ್ದ.

"ಒಡೆಯಾ, ಒಂದೂವರೆ ಇಂಚಿನ್ ಕಲ್ಲ್ ತೊಲಿಯೊಳಗ್ ಇಳಿತಿಲ್ಲೆ. ಕಂಬಿ ನಡುಕ್ ಕಿರುಬೆರಳೂ ಹೋತಿಲ್ಲೆ."

"ಎಂತಕೆ?"

"ಎಂಜಿನಿಯರ್ ಬರ್ದದ್ದ್ ತೊಲಿ ತಳಕ್ ಮೂರ್ ಕಂಬಿ. ಶೀನಣ್ಣ ಗಟ್ಟಿ ಆಯ್ಕ್ ಅಂತ ಆರ್ ಹಾಕ್ಸಿರ್."

"ಹಂಗ್ ಕಟ್ಟಿದವ ಯಾರ್?"

ವಾಲಗದವರೂ ಊದುವುದು ನಿಲ್ಲಿಸಿದರು. ಕೊರಗ ನೆಲ ನೋಡಿ ಹೇಳಿದ, "ನಿಮ್ಮ್ ಪಾತ್ರಿ."

ದೈವ ಹಿಂಗಾರ ಕೊಡಹಿತು. "ಅವ್ ಹೆಡ್ಡ. ಮೂರ್ ಕಂಬಿ ಬಿಚ್ಚುಕ್ ಹೇಳ್. ಕಲ್ಲ್ ನೀನ್ ಹೇಳಿದ್ದೇ ಆಯ್ಲಿ."

ಅಲ್ಲಿಗೆ ಕೊರಗ ಗೆದ್ದ ಹಾಗೆಯೇ. ಬುದ್ಧಿಯಿದ್ದವ ಕೈ ಮುಗಿದು ಹಿಂದೆ ಸರಿಯುತ್ತಿದ್ದ. ಇವನು, "ಹೇಳುಕಾತಿಲ್ಲೆ ಒಡೆಯಾ. ಅವ್ ನನ್ನತ್ರ ಮಾತಾಡ್ತಿಲ್ಲೆ" ಎಂದ.

"ಎಂತಕೆ ಮಾತಾಡ್ತಿಲ್ಲೆ?"

ಕುಷ್ಟನ ಬಾಯಿ, ಕುಷ್ಟನದ್ದೇ ಗಂಟಲು, ಎಂಟು ವರ್ಷದ ನಂತರ ತನ್ನನ್ನೇ ನೋಡಿ ಕೇಳುತ್ತಿದೆ. ಸಿಮೆಂಟಿನ ಕತೆ ಕೊರಗನ ನಾಲಗೆಯ ತುದಿಗೆ ಬಂತು, ಹೊರಗೆ ಬರಲಿಲ್ಲ.

"ಸಿಮೆಂಟ್ ಸರಿ ಇತ್ತಿತ್ ಒಡೆಯಾ. ಅವ್ನ್ ಚಾವ್ಡಿ ಹೊಯ್ಗಿ ಅಳಿವೆದ್. ಉಪ್ಪಿಂದ್ ಅಂತ ನಂಗ್ ಗೊತ್ತಿತ್. ಹತ್ರ ಸಿಕ್ತ್, ಹಾಕ್ದೆ. ಎಂತದೂ ಆತಿಲ್ಲೆ ಅಂತ ಎಣ್ಸಿದೆ."

ಇಡೀ ಊರು ಕೇಳಿತು. ದೂರದಲ್ಲಿ ಚಂದ್ರಮತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಇದನ್ನ್ ಅವ್ನತ್ರ ಹೇಳಿದ್ಯಾ?"

"ಇಲ್ಲೆ."

"ಹೇಳ್" ಎಂದಿತು ದೈವ, ಆಮೇಲೆ ಪಾತ್ರಿಯ ಮೈಯಿಂದ ಇಳಿಯಿತು. ಕುಷ್ಟ ಕುಸಿದು ಕೂತ, ಬೊಂಡದ ಎಳನೀರು ಕುಡಿದ, ಸುತ್ತ ನೋಡಿ, "ಎಂತ ಅಪ್ಪಣೆ ಆಯ್ತ್?" ಎಂದು ಕೇಳಿದ. ಮೈಮೇಲೆ ಬಂದಾಗ ನಡೆದದ್ದು ಪಾತ್ರಿಗೆ ನೆನಪಿರುವುದಿಲ್ಲ. ಎಂ ಸ್ಯಾಂಡ್, ಮುಕ್ಕಾಲು ಇಂಚು, ಮೂರು ಕಂಬಿ ಬಿಚ್ಚಬೇಕು ಎಂದು ಶೀನ ಹೇಳಿದ. ಹೆಡ್ಡ ಎಂದದ್ದನ್ನು ಯಾರೂ ಹೇಳಲಿಲ್ಲ, ಉಳಿದದ್ದನ್ನೂ ಹೇಳಲಿಲ್ಲ. ಎಲ್ಲರೂ ಕೊರಗನ ಮುಖ ನೋಡಿದರು. ಕೊರಗ ಪ್ರಸಾದ ತಗೊಂಡು ಮನೆಗೆ ನಡೆದ.

ರಾತ್ರಿಯೆಲ್ಲ ಅವನಿಗೆ ನಿದ್ದೆ ಬರಲಿಲ್ಲ. ಊರೆದುರು ದೈವಕ್ಕೆ ಹೇಳುವುದೇ ಸುಲಭ, ಕುಷ್ಟನಿಗೆ ಹೇಳುವುದಲ್ಲ ಎಂದು ಅವನಿಗೆ ಆಗ ಗೊತ್ತಾಯಿತು. ಬೆಳಿಗ್ಗೆ ಹೋದಾಗ ಕುಷ್ಟ ಆಗಲೇ ತೊಲೆಯ ಮೇಲೆ ಕೂತು ಕಂಬಿ ಬಿಚ್ಚುತ್ತಿದ್ದ. ನಿನ್ನೆಯಿಂದ ಜನ ತನ್ನನ್ನು ನೋಡಿ ಯಾಕೆ ಪಿಸುಗುಡುತ್ತಾರೆ ಎಂದು ಕಾಂಕ್ರೀಟ್ ಮಿಕ್ಸರನ್ನು ಕೇಳಿದ.

ಕೊರಗ ಮಿಕ್ಸರಿಗೆ ಉತ್ತರ ಹೇಳಲು ಬಾಯಿ ತೆರೆದ. ಛೆ, ಎಂದುಕೊಂಡ. ಏಣಿ ಹತ್ತಿ ಎದುರಿಗೇ ಕೂತ.

"ಕುಷ್ಟ, ನಿನ್ ಚಾವ್ಡಿ ಬಿದ್ದದ್ ನನ್ನಿಂದ. ಉಪ್ಪ್ ಹೊಯ್ಗಿ ಅಂತ ಗೊತ್ತಿದ್ದೇ ಹಾಕ್ದೆ. ಸಿಮೆಂಟ್ ಅಂದದ್ ಸುಳ್ಳ್. ತಪ್ಪಾಯ್ತ್."

ಕುಷ್ಟ ಕತ್ತೆತ್ತಲಿಲ್ಲ. ಒಂದು ಕಂಬಿ ಬಿಚ್ಚಿ ಕೆಳಗೆ ಹಾಕಿದ, ಎರಡನೆಯದನ್ನೂ ಹಾಕಿದ, ಮೂರನೆಯದಕ್ಕೆ ತುಂಬ ಹೊತ್ತು ತಗೊಂಡ. ಉಳಿದ ಮೂರನ್ನು ಸಮವಾಗಿ ಸರಿಸಿ, ಸಂದಿಯಲ್ಲಿ ಒಂದು ಮುಕ್ಕಾಲು ಇಂಚಿನ ಕಲ್ಲನ್ನು ಬಿಟ್ಟ. ಅದು ಎಲ್ಲಿಯೂ ತಾಗದೆ ತಳಕ್ಕೆ ಹೋಗಿ ಟಕ್ ಎಂದಿತು. ಅಷ್ಟರಲ್ಲಿ ಕೊರಗ ಎದ್ದು ಏಣಿಯಲ್ಲಿ ಒಂದು ಮೆಟ್ಟಿಲು ಇಳಿದಿದ್ದ.

"ಬಾವ, ಛಜ್ಜಕ್ಕೆ ಅರ್ಧ ಇಂಚಿಂದ್ ಎಷ್ಟ್ ಬುಟ್ಟಿ ಬೇಕ್?" ಎಂದು ಕುಷ್ಟ ಕೇಳಿದ, ಅವನ ಮುಖವನ್ನೇ ನೋಡಿ.

ಮೂವತ್ತು ವರ್ಷ ಕಟ್ಟಿದ ಮೇಸ್ತ್ರಿಗೆ ಆ ಲೆಕ್ಕ ಬಾಯಿಪಾಠ. ಆದರೂ ಇಳಿದ ಮೆಟ್ಟಿಲನ್ನು ಮತ್ತೆ ಹತ್ತಿ, ಅವನ ಪಕ್ಕ ಕೂತು, ಬೆರಳು ಮಡಚಿ ಮೊದಲಿನಿಂದ ಎಣಿಸಿದ.