ಮಗ್ಗದ ಸಪ್ಪಳದೊಳಗೆ ಉಳಿದ ಮಾತು

ಭಾನುವಾರ ಬೆಳಿಗ್ಗೆ ಏಳೂವರೆಗೆ, ಕಾವೇರಿ ಚಹಾಕ್ಕೆ ಇಟ್ಟ ನೀರು ಇನ್ನೂ ಕುದ್ದಿರಲಿಲ್ಲ, ಬನಹಟ್ಟಿಯ ತುಕಾರಾಮನ ಫೋನು ಬಂತು. ತುಕಾರಾಮ ನೇಕಾರ. ಕಾವೇರಿ ಜಮಖಂಡಿಯ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವವಳು. ಆಲಮಟ್ಟಿಯ ಹಿನ್ನೀರಿಗೆ ಊರು ಬಿಟ್ಟು ಬಂದವರ ಮಾತುಗಳನ್ನು ರಜೆಯ ದಿನಗಳಲ್ಲಿ ಲ್ಯಾಪ್‌ಟಾಪಿನಲ್ಲಿ ಹಿಡಿದು, ಕತ್ತರಿಸಿ ಜೋಡಿಸಿ, ತಿಂಗಳಿಗೊಂದು ಪಾಡ್‌ಕಾಸ್ಟ್ ಮಾಡುತ್ತಿದ್ದಳು.

"ಟೀಚರ್, ಹೊಸಾ ಕಂತು ಕೇಳಿದ್ನಿರಿ. ಭಾಳ ಛಲೋ ಆಗೇತಿ. ಆದ್ರ ಕಡೀಕ ಮಗ್ಗದ ಸಪ್ಪಳ ಹಾಕೀರಲ್ಲ, ಅದರಾಗ ಇಂದ್ರವ್ವ ಮಾತಾಡಾಕತ್ತಾಳ. ಬೇಕಂತ ಬಿಟ್ಟೀರೋ, ಹಂಗ ಉಳದೇತೋ?"

"ಅಲ್ಲಿ ಮಾತೆಲ್ಲಿ ಐತೋ? ಬರೇ ಮಗ್ಗ ಐತಿ."

"ನಿಮಗ ಬರೇ ಮಗ್ಗರಿ. ನಾವು ತೊಟ್ಟಿಲದಾಗಿಂದ ಆ ಸಪ್ಪಳದಾಗ ಮಾತ ಹೆಕ್ಕಿದವರು." ತುಕಾರಾಮ ದನಿ ತಗ್ಗಿಸಿದ. "ಇಯರ್‌ಫೋನ್ ಹಾಕ್ಕೊಂಡ ಕೇಳ್ರಿ. ನಾ ಯಾರ ಮುಂದೂ ಬಾಯಿ ಬಿಡೂದಿಲ್ಲ."

ಆ ಕೊನೆಯ ಮಾತಿಗೆ ಕಾವೇರಿ ಚಹಾದ ಆಸೆ ಬಿಟ್ಟಳು. ಒಲೆ ಆರಿಸಿ ಬಂದು ಇಯರ್‌ಫೋನ್ ಸಿಕ್ಕಿಸಿಕೊಂಡಳು. ಇಪ್ಪತ್ಮೂರನೆಯ ನಿಮಿಷದಲ್ಲಿ ಮಗ್ಗಗಳು ಖಟಕ್ ಖಟಕ್ ಎಂದು ಶುರುವಾದವು. ಅವುಗಳ ಅಡಿಯಲ್ಲಿ, ಕಿವಿಯ ಹತ್ತಿರವೇ ಬಾಯಿಟ್ಟಂತೆ, ಪಕ್ಕದ ಮಗ್ಗದವಳಿಗೆ ಹೇಳುವ ಇಂದ್ರವ್ವನ ದನಿ.

"ಮಾಯವ್ವಾ, ಕಣ್ಣು ಪೂರಾ ಮಂಜಾಗ್ಯಾವ ಬೇ. ಹರದ ಎಳಿ ಕಾಣೂದಿಲ್ಲ, ಬೆರಳಿಲೆ ತಡವಿ ಹಿಡೀತೇನಿ. ಚನಮಲ್ಲಪ್ಪಗ ಗೊತ್ತಾತಂದ್ರ ನಾಳಿಗೇ ಮಗ್ಗ ಬಿಡಸ್ತಾನ."

ಕಾವೇರಿಗೆ ಎಲ್ಲವೂ ನೆನಪಾಯಿತು. ಇಂದ್ರವ್ವ ಬೀಳಗಿ ಕಡೆಯವಳು. ಊರು ಮುಳುಗಿದ ಮೇಲೆ ಬನಹಟ್ಟಿಗೆ ಬಂದು, ಮೂವತ್ತೈದು ದಾಟಿದ ಮೇಲೆ ಮಗ್ಗ ಕಲಿತವಳು. ಅವಳು ನೇಯುವ ಚನಮಲ್ಲಪ್ಪನ ಕಾರಖಾನೆಯಲ್ಲಿ ಮಗ್ಗ ನಿಂತಾಗಲೇ ದನಿ ಹಿಡಿಯಬೇಕಿತ್ತು. ಆದ್ದರಿಂದ ಕಾವೇರಿ ಕರೆಂಟು ಹೋಗುವ ದಿನವನ್ನೇ ಕೇಳಿಕೊಂಡು, ಲ್ಯಾಪ್‌ಟಾಪಿನ ಬ್ಯಾಟರಿ ತುಂಬಿಸಿಕೊಂಡು ಹೋಗಿದ್ದಳು. ಇಂದ್ರವ್ವನ ಸೆರಗಿಗೆ ಮೈಕು ಸಿಕ್ಕಿಸಿದ್ದಳು. ಕರೆಂಟು ಹೇಳಿದ್ದಕ್ಕಿಂತ ಬೇಗ ಬಂದು ಮಗ್ಗಗಳು ಮೊದಲಾದಾಗ, ಈ ಸಪ್ಪಳವೂ ಇರಲೆಂದು ರೆಕಾರ್ಡಿಂಗ್ ಬಿಟ್ಟು ಬಾಗಿಲ ಬಳಿ ಹೋಗಿ ನಿಂತಿದ್ದಳು. ಅಲ್ಲಿಯ ಹೆಂಗಸರು ಮನದ ಗುಟ್ಟು ಆಡುವುದು ಮಗ್ಗ ಓಡುವಾಗಲೇ. ಆ ಗದ್ದಲ ಅವರಿಗೆ ಹಾಕಿಕೊಂಡ ಬಾಗಿಲಿದ್ದಂತೆ. ಮೈಕು ಗಂಟಲ ಕೆಳಗೇ ಇರುವುದು ಇಂದ್ರವ್ವನಿಗೆ ಮರೆತಿತ್ತು. ತೆಗೆಯುವುದು ಕಾವೇರಿಗೆ ಮರೆತಿತ್ತು.

ಆಮೇಲಿನ ತಪ್ಪು ಕಾವೇರಿಯದೇ. ಕತ್ತರಿಸುತ್ತ ಕಿವಿ ನೋಯತೊಡಗಿತೆಂದು ಕೊನೆಯ ಎರಡು ನಿಮಿಷವನ್ನು ಲ್ಯಾಪ್‌ಟಾಪಿನ ಸಣ್ಣ ಸ್ಪೀಕರಿನಲ್ಲೇ ಕೇಳಿದ್ದಳು. ಮೇಲಾಗಿ, ಸಣ್ಣ ದನಿಯನ್ನು ಎತ್ತಿ ದೊಡ್ಡ ದನಿಯನ್ನು ತಗ್ಗಿಸಿ ಸಮ ಮಾಡುವ ಗುಂಡಿಯನ್ನು ಪೂರ್ತಿ ಕಂತಿಗೆ ಒತ್ತಿದ್ದಳು. ಅದು ಪಿಸುಮಾತನ್ನೂ ಎತ್ತಿಕೊಟ್ಟಿತ್ತು.

ಕಂತು ಇಟ್ಟಿದ್ದ ತಾಣ ತೆರೆದಳು. ಬೆಳಿಗ್ಗೆ ಆರಕ್ಕೆ ತಾನೇ ಪ್ರಕಟವಾಗಲೆಂದು ಹೊಂದಿಸಿಟ್ಟಿದ್ದಳು, ಆಗಿತ್ತು. ಡೌನ್‌ಲೋಡ್ ಹದಿಮೂರು. ತಕ್ಷಣ ಕಂತನ್ನು ಮತ್ತೆ ಕರಡಾಗಿ ಬದಲಿಸಿದಳು. ಫೀಡಿನಿಂದ ಅದು ಮಾಯವಾಯಿತು. ಇನ್ನು ಹೊಸದಾಗಿ ಯಾರ ಆಪಿಗೂ ಇಳಿಯುವುದಿಲ್ಲ. ಆದರೆ ಇಳಿದದ್ದು ಇಳಿದೇ ಇತ್ತು. ಕಾರಖಾನೆಯಲ್ಲಿ ನೆಟ್‌ವರ್ಕ್ ಸಿಗುವುದಿಲ್ಲವೆಂದು, ಕಂತು ಬಂದೊಡನೆ ತಾನೇ ಇಳಿಯುವಂತೆ ಎಷ್ಟೋ ಜನರ ಫೋನುಗಳಲ್ಲಿ ಅವಳೇ ಹೊಂದಿಸಿಕೊಟ್ಟಿದ್ದಳು. ಅವುಗಳಲ್ಲಿ ಚನಮಲ್ಲಪ್ಪನದೂ ಒಂದು. ನನ್ನ ಕಾರಖಾನಿ ಮಾತು ಬರ್ತೈತಿ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದವ ಅವನು. ಮಾಲಕನಾಗುವ ಮೊದಲು ಮೂವತ್ತು ವರ್ಷ ಮಗ್ಗದ ಮುಂದೆ ನಿಂತವನ ಕಿವಿ ಅದು.

ಫೋನು ಮಾಡಿ ಕೇಳಬೇಡಿ ಎಂದರೆ ಈಗಲೇ ಕೇಳುತ್ತಾನೆ. ಕೊನೆಯ ಎರಡು ನಿಮಿಷ ಕತ್ತರಿಸಿ ಹೊಸ ಫೈಲು ಮಾಡಿಕೊಂಡಳು. ಲ್ಯಾಪ್‌ಟಾಪು ಚೀಲಕ್ಕೆ ಹಾಕಿ ಸ್ಕೂಟಿ ಹತ್ತಿದಳು. ಕಬ್ಬಿನ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರ್ ಜಗ್ಗಿಕೊಂಡು ರಸ್ತೆ ತುಂಬಾ ಹೊರಟಿದ್ದವು, ದಾಟಲು ಜಾಗವೇ ಇಲ್ಲ. ಒಂದೊಂದರ ಹಿಂದೆಯೂ ಅವಳು ನಿಮಿಷ ಎಣಿಸಿದಳು.

ಚನಮಲ್ಲಪ್ಪ ಕಾರಖಾನೆಯ ಮುಂದಿನ ಕಟ್ಟೆಯ ಮೇಲೆ ಕುಳಿತಿದ್ದ. ಹಣೆಯ ಮೇಲೆ ವಿಭೂತಿ, ಕಿವಿಯಲ್ಲಿ ಇಯರ್‌ಫೋನು.

"ಬರ್ರಿ ಟೀಚರ್, ನಿಮ್ಮದ ಕೇಳಾಕತ್ತೇನಿ. ಬರೇ ಇಂದ್ರವ್ವನ ಪುರಾಣ ಆತಲ್ರಿ. ನನ್ನ ಹೆಸರ ಯಾವಾಗ ಬರ್ತೈತಿ?"

"ಎಲ್ಲಿ ತನಕ ಕೇಳೀರಿ?"

"ಬಾಗಲಾ ಕಿತ್ತು ಗಾಡ್ಯಾಗ ಹೇರತಾರಲ್ಲ, ಅಲ್ಲೀತನಕ."

ಹನ್ನೆರಡನೆಯ ನಿಮಿಷ. ಕಾವೇರಿ ಕೈ ಚಾಚಿದಳು. "ಫೋನ್ ಇಲ್ಲಿ ಕೊಡ್ರಿ. ಕಡೀಕ ತಪ್ಪಾಗೇತಿ, ತಗದು ಹೊಸಾದು ಹಾಕ್ತೇನಿ." ಇಳಿದ ಫೈಲನ್ನು ಅಳಿಸಿದಳು.

"ಅಂಥಾ ತಪ್ಪು ಏನಿತ್ರಿ?"

"ನನ್ನ ತಪ್ಪುರಿ," ಎಂದಷ್ಟೇ ಹೇಳಿ ಒಳಗೆ ಹೋದಳು.

ಇಂದ್ರವ್ವನನ್ನು ಹಿತ್ತಿಲಿಗೆ ಕರೆದುಕೊಂಡು ಹೋಗಿ ಒಂದೂ ಮುಚ್ಚಿಡದೆ ಹೇಳಿದಳು. ಇಂದ್ರವ್ವ ಸೆರಗು ಕೊಡವಿಕೊಂಡಳು, ಮೈಕು ಇನ್ನೂ ಅಲ್ಲೇ ಇದೆಯೇನೋ ಎಂಬಂತೆ.

"ಎಷ್ಟ ಮಂದಿ ಕೇಳ್ಯಾರ?"

"ಹದಿಮೂರು ಸಲ ಇಳದೈತಿ. ಒಂದು ನಂದು, ಒಂದು ತುಕಾರಾಮಂದು, ಒಂದು ಮಾಲಕರದು. ಉಳದ ಹತ್ತು ಯಾರವಂತ ನನಗ ತಿಳಿಯೂದಿಲ್ಲ."

"ಈಗ ತಗದೇನಿ ಅಂದ್ಯಲ್ಲ?"

"ನಾ ಇಟ್ಟ ಕಡೆಯಿಂದ ತಗದೇನಿ. ಅವರವರ ಫೋನಿನಾಗ ಕುಂತದ್ದು ನನ್ನ ಕೈಗೆ ಬರೂದಿಲ್ಲ."

"ಸಾಲಿ ಕಲಸಾಕಿ ನೀ. ಮೈಕ್ ಇನ್ನೂ ಐತಬೇ, ಬಾಯಿ ಮುಚ್ಕೋ ಅಂತ ಒಂದ ಮಾತ ಅನ್ನಾಕ ಬರಲಿಲ್ಲೇನು?"



ಇಂದ್ರವ್ವ ಗೋಡೆ ಹಿಡಿದು ಬಾಗಿಲ ಕಡೆ ತಿರುಗಿದಳು. "ಆ ಹತ್ತರಾಗ ಒಬ್ಬರು ಸಂತ್ಯಾಗ ಅಂದಾರು, ಅದು ಇವನ ಕಿವೀಗೆ ಬಿದ್ದೀತು. ಕಳ್ಳಿ ಅನಿಸ್ಕೊಳ್ಳಾಕ ನಾ ಒಲ್ಲೆ. ನಡಿ."

ಕಟ್ಟೆಯ ಮುಂದೆ ನಿಂತು ಅವಳೇ ಹೇಳಿದಳು. ಚನಮಲ್ಲಪ್ಪ ನಗು ನಿಲ್ಲಿಸಿದ. ಒಳಗೆ ಹೋಗಿ ಅವಳ ಮಗ್ಗದ ಮೇಲಿನ ಸೀರೆಯನ್ನು ಬೆಳಕಿಗೆ ಹಿಡಿದು ಮೊಳ ಮೊಳ ನೋಡಿ ಬಂದ.

"ಎರಡ ಕಡೆ ಎಳಿ ತಪ್ಪೇತಿ. ಇಂಥಾದ್ದು ಎಷ್ಟ ಹೋಗ್ಯಾವೋ ಏನೋ. ಲಾಳಿ ಹಾರಿ ಮಾರಿಗೆ ಬಡದಿದ್ರ ಯಾರ ಹೊಣಿ?" ಎಂದ. ಮತ್ತೆ ಕಟ್ಟೆಯ ಮೇಲೆ ಕುಳಿತು, "ಇವತ್ತಿಂದ ಮಗ್ಗ ಮುಟ್ಟಬ್ಯಾಡ. ಲಾಳಿ ಕಂಡಿಕಿಗೆ ನೂಲ ಸುತ್ತಾಕ ಕೂಡು. ಕಣ್ಣ ತೋರಿಸ್ಕೊಂಡ ಬಾ, ಆಮ್ಯಾಲ ನೋಡೂಣು."

ಹದಿನೇಳು ವರ್ಷದ ಮಗ್ಗ ಹೋಯಿತು. ಕೆಲಸ ಪೂರಾ ಹೋಗಲಿಲ್ಲ, ಅಷ್ಟೇ. ಇಂದ್ರವ್ವ ಅಳಲಿಲ್ಲ. ನೂಲು ಸುತ್ತುವ ಜಾಗಕ್ಕೆ ಹೋಗಿ ಕುಳಿತು, ಖಾಲಿ ಕಂಡಿಕೆಯೊಂದನ್ನು ಬೆರಳಲ್ಲಿ ತಿರುವಿ ನೋಡಿದಳು.

"ಇಂದ್ರವ್ವಾ, ಕಂತ ಪೂರಾ ಅಳಿಸಿಬಿಡ್ಲೇನು?" ಕಾವೇರಿ ಕೇಳಿದಳು.

"ಯಾಕ? ನಮ್ಮೂರ ಮಾತ ಏನ ತಪ್ಪ ಮಾಡೇತಿ? ಹಚ್ಚು, ಕೇಳ್ತೇನಿ. ಮೊದಲಿಂದ ಕಡೀತನಕ. ನನಗ ಮೊದಲ ಕೇಳಿಸದ ಊರಿಗೆಲ್ಲ ಕೇಳಿಸಿದಿ."

ಕಾವೇರಿ ಲ್ಯಾಪ್‌ಟಾಪು ತೆರೆದು, ದೊಡ್ಡ ಹೆಡ್‌ಫೋನನ್ನು ಅವಳ ತಲೆಗೆ ಏರಿಸಿದಳು. ಹೊಸ ಫೈಲನ್ನು ಮನೆಯಲ್ಲೇ ತಾಣದಲ್ಲಿ ಹಳೆಯದರ ಜಾಗಕ್ಕೆ ಏರಿಸಿ ಬಂದಿದ್ದಳು, ಪ್ರಕಟಿಸುವುದಷ್ಟೇ ಬಾಕಿ ಇತ್ತು. ಇಂದ್ರವ್ವ ಕಣ್ಣು ಮುಚ್ಚಿ ಕೇಳಿದಳು. ಒಂದೆರಡು ಕಡೆ ತನ್ನ ಮಾತಿಗೆ ತಾನೇ ಹೂಂಗುಟ್ಟಿದಳು. ಒಂಬತ್ತನೆಯ ನಿಮಿಷದಲ್ಲಿ ಕೈ ಎತ್ತಿದಳು.

"ನಿಲ್ಲಸು. ನನ್ನ ಮೈದುನ ಕುಡದ ಬಂದಿದ್ದ ಅಂತ ಅಂದೇನಿ. ಅದನ್ನೂ ತಗಿ."

"ಅದು ಭಾಳ ಛಲೋ ಮಾತು ಬೇ. ಕೇಳಾವ್ರು ನಗ್ತಾರ."

"ಅವನ ಮಗಳು ಕೇಳಿದ್ರ ನಗ್ತಾಳೇನು?"

ಕಾವೇರಿ ಆ ವಾಕ್ಯವನ್ನು ಗುರುತು ಹಾಕಿ ಅಳಿಸಿದಳು, ಎರಡು ಅಂಚನ್ನೂ ಕೂಡಿಸಿದಳು.

"ಹಿಂದಕ ಹೋಗಿ ಕೇಳಸು," ಎಂದಳು ಇಂದ್ರವ್ವ. "ಖರೇನ ಹೋತೋ ಇಲ್ಲೋ, ನಾ ನೋಡ್ಬೇಕು."