ಒಪ್ಪಿಕೊಳ್ಳುವ ಮರ್ಯಾದೆ

ಸಾಗರದ ಖಾಸಗಿ ಆಸ್ಪತ್ರೆಯೊಂದರಿಂದ ಸುಚಿತ್ರಾಗೆ ಇಮೇಲ್ ಬಂತು. ಅಕೌಂಟ್ಸ್ ವಿಭಾಗದ ಮುಖ್ಯಸ್ಥೆಯ ಹುದ್ದೆಗೆ ನಿಮ್ಮನ್ನು ಆರಿಸಿದ್ದೇವೆ, ಒಪ್ಪಿಗೆ ಇದ್ದರೆ ಮೇ 29ರ ಸಂಜೆ ಐದರೊಳಗೆ ಬರೆದು ತಿಳಿಸಿ, ಜುಲೈ 1ಕ್ಕೆ ಸೇರಲು ಆಗುತ್ತದೆಯೇ, ಈಗಿನ ಕಡೆ ನೋಟಿಸ್ ಪೀರಿಯಡ್ ಎಷ್ಟು ಎಂಬುದನ್ನೂ ಹೇಳಿ, ಆಫರ್ ಲೆಟರಿಗೆ ಸಹಿ ಹಾಕಿ ಪ್ರತಿ ಕಳಿಸಿ ಎಂದಿತ್ತು. ಕೆಳಗೆ ಎಚ್.ಆರ್. ವಿಭಾಗದ ಅಮಿತಾ ಎಂಬವರ ಹೆಸರು.

ಹೊಸನಗರದ ಮನೆಯಿಂದ ತೀರ್ಥಹಳ್ಳಿಯ ಗಣಪಯ್ಯನವರ ಅಡಿಕೆ ಮಂಡಿಗೆ ಬಸ್ಸಿನಲ್ಲಿ ಓಡಾಡಿ ಲೆಕ್ಕ ಬರೆಯುತ್ತಿದ್ದ ಸುಚಿತ್ರಾ ಆ ಇಮೇಲನ್ನು ನಿಂತಲ್ಲೇ ಮೂರು ಸಲ ಓದಿದಳು. ಗಣಪಯ್ಯ ಕೆಟ್ಟವರಲ್ಲ. "ನೀನು ನಮ್ಮನೆ ಹುಡುಗಿ ಇದ್ದಂಗೆ" ಎಂದು ಬಾಯಿ ತುಂಬ ಹೇಳುತ್ತಿದ್ದರು. ಮನೆ ಹುಡುಗಿಗೆ ಯಾರು ಸಂಬಳ ಏರಿಸುತ್ತಾರೆ? ಭಾನುವಾರ ಕರೆದರೂ ಮನೆ ಹುಡುಗಿ ಬರಲೇಬೇಕು. ಸುಚಿತ್ರಾಗೆ ಈ ಕೆಲಸ ಬೇಕಿತ್ತು. ಮದುವೆಯಾದ ಮೇಲೆ ಇಷ್ಟು ಗಟ್ಟಿಯಾಗಿ ಅವಳಿಗೆ ಬೇರೇನೂ ಬೇಕೆನ್ನಿಸಿರಲಿಲ್ಲ.

ಆದರೆ ಆ ಮನೆಯಿಂದ ಹೊರಹೋಗುವ ಯಾವ ಪತ್ರವೂ ಮಾವ ನಾರಾಯಣಮೂರ್ತಿಗಳ ಕೈದಾಟದೆ ಹೋದದ್ದಿಲ್ಲ. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು ಅವರು. ಕೇರಿಯವರ ಬ್ಯಾಂಕಿನ ಅರ್ಜಿಯಿಂದ ಹಿಡಿದು ಮದುವೆ ಮಾತುಕತೆಯ ಕಾಗದದವರೆಗೆ ಎಲ್ಲ ಅವರದೇ. ಸೊಸೆ ಫೋನು ತೋರಿಸಿದ್ದೇ ತಡ, ಕನ್ನಡಕ ಹಾಕಿಕೊಂಡು ಕೂತರು.

"ಐ ಆಕ್ಸೆಪ್ಟ್ ಅಂತ ಮೊದ್ಲನೇ ಸಾಲಲ್ಲೇ ಬರೆಯೋದಾ? ಛೆ ಛೆ. ಬಡಿಸೋಕೆ ಬಂದವ್ರ ಕೈಯಿಂದ ಪಾತ್ರೆನೇ ಕಿತ್ಕೊಂಡಂಗೆ ಆಗ್ತದೆ."

"ಅವ್ರು ಅದನ್ನೇ ಕೇಳಿದಾರಲ್ಲ ಮಾವಾ."

"ಕೇಳ್ತಾರೆ. ನಾವು ಒಂದ್ಸಲ ಬೇಡ ಅನ್ಬೇಕು, ಅವ್ರು ಒತ್ತಾಯ ಮಾಡ್ಬೇಕು. ಆಗ ಒಪ್ಕೊಂಡ್ರೆ ನಮಗೂ ಮರ್ಯಾದೆ, ಅವ್ರಿಗೂ ಮರ್ಯಾದೆ."

ಅದು ಸುಳ್ಳೇನಲ್ಲ. ಆ ಸೀಮೆಯ ಪಂಕ್ತಿಯಲ್ಲಿ ಹೋಳಿಗೆ ಬಂದಾಗ ಎಲೆಗೆ ಕೈ ಅಡ್ಡ ಹಿಡಿಯದವನು ಯಾರು? ಅಡ್ಡ ಹಿಡಿದ ಬೆರಳಿನ ಸಂದಿಯಲ್ಲೇ ಎರಡು ಹೋಳಿಗೆ ಬೀಳುತ್ತವೆ, ಮೇಲೆ ತುಪ್ಪವೂ ಬೀಳುತ್ತದೆ. ಬೇಡವೆಂದದ್ದನ್ನು ನಂಬಿ ಮುಂದೆ ಹೋದ ಬಡಿಸುವವನ ಕಥೆಯನ್ನು ಊರವರು ಮುಂದಿನ ಮದುವೆಯವರೆಗೂ ಆಡಿಕೊಳ್ಳುತ್ತಾರೆ.

ಹಾಗಾಗಿ ಮಾವ ಹೇಳುತ್ತಾ ಹೋದರು, ಸೊಸೆ ಟೈಪ್ ಮಾಡುತ್ತಾ ಹೋದಳು. ಈ ದೊಡ್ಡ ಹುದ್ದೆಗೆ ನಾನು ಅರ್ಹಳೇ ಎಂಬ ಸಂಕೋಚ ನನ್ನನ್ನು ಕಾಡುತ್ತಿದೆ. ಇನ್ನೂ ಯೋಗ್ಯರು ಸಿಕ್ಕಿದರೆ ನನಗೇನೂ ಬೇಸರವಿಲ್ಲ. ಈಗಿರುವ ಕಡೆ ನನ್ನನ್ನು ಮಗಳಂತೆ ನೋಡಿಕೊಳ್ಳುತ್ತಿದ್ದಾರೆ, ಅವರ ಮನಸ್ಸು ನೋಯಿಸಿ ಬರುವುದು ಕಷ್ಟ. ಜುಲೈ ಒಂದು ಆಷಾಢದಲ್ಲಿ ಬೀಳುವುದರಿಂದ ಸೇರುವ ವಿಚಾರವನ್ನು ಶ್ರಾವಣದಲ್ಲಿ ಹಿರಿಯರೊಡನೆ ಯೋಚಿಸಬಹುದು. ನೋಟಿಸ್ ಪೀರಿಯಡ್ ಎಂಬುದು ನಮ್ಮಂಥ ಆತ್ಮೀಯ ಸಂಬಂಧದಲ್ಲಿ ಬರುವ ಮಾತಲ್ಲ.

ಇಂಗ್ಲಿಷಿನಲ್ಲಿ ಅದು ಇನ್ನೂ ಭರ್ಜರಿಯಾಗಿತ್ತು. "ಇದನ್ನ ಓದಿ ಅವ್ರು ಕೂತಲ್ಲೇ ಕರಗಿ ಹೋಗ್ತಾರೆ" ಎಂದರು ಮಾವ. ಒಪ್ಪಿದ್ದೇನೆ ಎಂಬ ಒಂದೇ ಒಂದು ಸಾಲು ಸೇರಿಸಲೇ ಎಂದು ಕೇಳುವ ಧೈರ್ಯ ಸುಚಿತ್ರಾಗೆ ಬರಲಿಲ್ಲ. ಕಳಿಸಿದಳು.

ಮಾರನೇ ದಿನ ಮಧ್ಯಾಹ್ನ ಮಂಡಿಯಲ್ಲಿ ಬಿಲ್ಲು ಹೊಂದಿಸುತ್ತಿದ್ದಾಗ ಅಮಿತಾ ಅವರ ಉತ್ತರ ಬಂತು. 'ನಿಮ್ಮ ಪ್ರಾಮಾಣಿಕ ಉತ್ತರಕ್ಕೆ ಧನ್ಯವಾದ. ಸದ್ಯಕ್ಕೆ ನಮ್ಮಲ್ಲಿ ಸೇರಲು ನಿಮಗೆ ಅನುಕೂಲವಿಲ್ಲವೆಂದು ತಿಳಿಯಿತು. ಗಡುವು ಮುಗಿದ ನಂತರ ಮುಂದಿನ ಅಭ್ಯರ್ಥಿಯನ್ನು ಕರೆಯುತ್ತೇವೆ. ನಿಮಗೆ ಶುಭವಾಗಲಿ.'

ಕೆಲಸ ಕೈತಪ್ಪಿತು ಎಂದುಕೊಂಡೇ ಸುಚಿತ್ರಾ ಸಂಜೆ ಮನೆಗೆ ಬಂದು ಅದನ್ನು ತೋರಿಸಿದಳು. ಮಾವನಿಗೆ ಮಾತ್ರ ಅದು ಬಲು ಸಂತೋಷದ ಸುದ್ದಿ.

"ನೋಡಿದ್ಯಾ, ಎಷ್ಟು ಸಂಸ್ಕಾರ ಇದೆ ಅವ್ರಿಗೆ. ಅವ್ರೂ ಬಿಗುಮಾನ ತೋರಿಸ್ತಿದಾರೆ. ಇನ್ನೊಂದ್ಸಲ ಕರೀತಾರೆ, ಕಾಯಿ."

ರಾತ್ರಿ ಊಟದ ಹೊತ್ತಿಗೆ ಮಾವ ಎರಡು ಸಲ ಸೊಸೆಯ ಫೋನು ನೋಡಿದರು. ಯಾರೂ ಕರೆಯಲಿಲ್ಲ. ಗಂಡ ಶ್ರೀಶ "ಅಪ್ಪ ಹೇಳಿದಾರಲ್ಲ" ಎಂದು ಮಜ್ಜಿಗೆ ಹಾಕಿಸಿಕೊಂಡ.

ಬೆಳಿಗ್ಗೆ ದೋಸೆ ಹೊಯ್ಯುತ್ತಿದ್ದ ಅತ್ತೆ ಸುಬ್ಬಲಕ್ಷ್ಮಮ್ಮ ಸೊಸೆಯ ಬಾಡಿದ ಮುಖ ನೋಡಿ ಸೌಟು ಕೆಳಗಿಟ್ಟರು. "ನಿಮ್ಮ ಮಾವಂಗೂ ಒಂದು ಕೆಲ್ಸ ಬಂದಿತ್ತು ಮಾರಾಯ್ತಿ. ಕಾಲೇಜಲ್ಲಿ ಲೆಕ್ಚರರ್. ಹಿಂಗೇ ಚಂದ ಮಾಡಿ ಕಾಗದ ಬರೆದ್ರು. ಆ ಮಳೆಗಾಲ ಪೂರ್ತಿ ಪೋಸ್ಟಿನವ ಬಂದಾಗೆಲ್ಲ ಜಗಲಿಗೆ ಓಡ್ತಿದ್ರು."

"ಮತ್ತೆ ಅವ್ರು ಕರೀಲೇ ಇಲ್ವಾ ಅತ್ತೆ?"

"ಎಲ್ಲಿ ಕರೀತಾರೆ? ಬೇರೆಯವ್ರು ಹೋಗಿ ಸೇರ್ಕೊಂಡ್ರು. ನೀ ಫೋನ್ ಮಾಡು. ನಾ ಏನೂ ಹೇಳಿಲ್ಲ."

ಸುಚಿತ್ರಾ ಬಸ್‌ಸ್ಟ್ಯಾಂಡಿಗೆ ಬಂದವಳು ತೀರ್ಥಹಳ್ಳಿ ಬಸ್ಸನ್ನು ಹೋಗಲು ಬಿಟ್ಟಳು. ಕಾಡು ಶುರುವಾದರೆ ನೆಟ್‌ವರ್ಕ್ ಸಿಗುವುದಿಲ್ಲ. ಹೋಟೆಲಿನ ಮೂಲೆಯ ಮೇಜಿನಲ್ಲಿ ಕೂತು ಅಮಿತಾಗೆ ಫೋನು ಮಾಡಿದಳು.

"ಮೇಡಂ, ನನಗೆ ಈ ಕೆಲ್ಸ ಬೇಕು."

ಅಮಿತಾಗೆ ಆಶ್ಚರ್ಯ. "ಹೌದಾ? ನಿಮ್ಮ ಮೇಲ್ ನೋಡಿ ನಾವು ಬೇಜಾರು ಮಾಡ್ಕೊಂಡಿದ್ವಿ. ಅದರಲ್ಲಿ ಒಪ್ಪಿಗೆ ಎಲ್ಲಿದೆ ಅಂತ ನಮ್ಮ ಡಾಕ್ಟ್ರು ಎರಡು ಸಲ ಹುಡುಕಿದ್ರು. ಇವತ್ತು ಐದು ಗಂಟೆವರೆಗೆ ಟೈಮಿದೆ. ಒಪ್ಪಿಗೆ, ಸೇರೋ ದಿನ, ನೋಟಿಸ್ ಪೀರಿಯಡ್ ಇಷ್ಟು ಬರೀರಿ, ಸಹಿ ಮಾಡಿದ್ದು ಹಾಕಿ. ನಮ್ಮ ಕನ್ಫರ್ಮೇಶನ್ ಕೈಗೆ ಬರೋ ತನಕ ಅಲ್ಲಿ ರಾಜೀನಾಮೆ ಮಾತ್ರ ಕೊಡ್ಬೇಡಿ."

ಸುಚಿತ್ರಾ ಬರೆದಳು. 'ನಿಮ್ಮ ಆಫರನ್ನು ಅದರಲ್ಲಿರುವ ಷರತ್ತುಗಳೊಂದಿಗೆ ಸಂತೋಷದಿಂದ ಒಪ್ಪಿಕೊಂಡಿದ್ದೇನೆ. ಈಗಿನ ಕಡೆ ನನ್ನ ನೋಟಿಸ್ ಪೀರಿಯಡ್ ಮೂವತ್ತು ದಿನ. ನಿಮ್ಮ ದೃಢೀಕರಣ ಬಂದರೆ ಮೇ 30ರಂದು ರಾಜೀನಾಮೆ ಕೊಟ್ಟು, ನೋಟಿಸ್ ಅವಧಿ ಮುಗಿಸಿ, ಜುಲೈ 1ರಂದು ಸೇರುತ್ತೇನೆ. ಸಹಿ ಮಾಡಿದ ಪ್ರತಿ ಲಗತ್ತಿಸಿದೆ. ತರಬೇಕಾದ ದಾಖಲೆಗಳನ್ನು ತಿಳಿಸಿ. ಮೊದಲ ಮೇಲ್‌ನಿಂದಾದ ಗೊಂದಲಕ್ಕೆ ಕ್ಷಮೆ ಇರಲಿ.' ಪಕ್ಕದ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿದ ಆಫರ್ ಲೆಟರಿಗೆ ಅಲ್ಲೇ ಸಹಿ ಹಾಕಿ ಫೋನಿನಲ್ಲೇ ಸ್ಕ್ಯಾನ್ ಮಾಡಿ ಕಳಿಸಿದಳು. ಮುಂದಿನ ಬಸ್ಸು ಹತ್ತುವ ಮೊದಲೇ ಉತ್ತರ ಬಂತು. ಜುಲೈ ಒಂದಕ್ಕೆ ಸ್ವಾಗತ, ಆಧಾರ್, ಪ್ಯಾನ್, ಅಂಕಪಟ್ಟಿಗಳು, ಹಳೇ ಕಡೆಯ ರಿಲೀವಿಂಗ್ ಲೆಟರ್ ತನ್ನಿ ಎಂದಿತ್ತು.

ಸಂಜೆ ಅವಳು ಮನೆಗೆ ಬಂದಾಗ ಮಾವ ಜಗಲಿಯಲ್ಲಿ ಕಾಯುತ್ತಿದ್ದರು. "ಕರೆದ್ರಾ?"

"ಅವ್ರು ಕರೀಲಿಲ್ಲ ಮಾವಾ. ನಾನೇ ಬರೆದೆ." ಬೈಯಲಿ ಎಂದು ಗಟ್ಟಿ ಮನಸ್ಸು ಮಾಡಿ ಫೋನು ಮುಂದೆ ಹಿಡಿದಳು. ಬೈದರೆ ತಿರುಗಿ ಆಡಲು ಬಸ್ಸಿನಲ್ಲೇ ನಾಲ್ಕು ಮಾತು ಜೋಡಿಸಿಕೊಂಡೂ ಬಂದಿದ್ದಳು.

ನಾರಾಯಣಮೂರ್ತಿಗಳು ಅವಳು ಬರೆದದ್ದನ್ನು ಓದಿದರು. ಆಸ್ಪತ್ರೆಯವರ ಉತ್ತರವನ್ನು ಓದಿದರು. ಮತ್ತೆ ಮೇಲಕ್ಕೆ ಹೋಗಿ ಅವಳ ಮೊದಲನೇ ಸಾಲಿನಲ್ಲೇ ಬೆರಳಿಟ್ಟುಕೊಂಡು ಬಹಳ ಹೊತ್ತು ಕೂತರು. ತಪ್ಪು ಹುಡುಕುತ್ತಿದ್ದಾರೆ ಎಂದುಕೊಂಡಳು ಸುಚಿತ್ರಾ.

"ಹಿಂಗೂ ಬರೀಬಹುದಿತ್ತಾ?" ಎಂದು ಕೇಳಿದರು. ದನಿ ಸಣ್ಣಗಿತ್ತು.

ಜೋಡಿಸಿಕೊಂಡು ಬಂದಿದ್ದ ಮಾತು ಯಾವುದೂ ಸುಚಿತ್ರಾಗೆ ಈಗ ಬೇಕೆನ್ನಿಸಲಿಲ್ಲ. ಮಾವನ ಮೇಲಿದ್ದ ಸಿಟ್ಟು ಎಲ್ಲಿ ಹೋಯಿತೋ, ಅಳು ಒತ್ತರಿಸಿ ಬಂತು.

"ಬರೀಬಹುದಿತ್ತು ಮಾವಾ" ಎಂದಳು.