ಬೂದಿ ಬಿದ್ದ ನೀಲಿ ಹೂ

ಬೂದಿಗೆರೆಯ ವಿಲ್ಲಾದ ಕಾಂಪೌಂಡಿನ ಒಳಗೆ ಪ್ರಮೋದಾ ಮೇಡಂ ಕೈಕಟ್ಟಿ ನಿಂತಿದ್ದರು. ಅವರೆದುರು ಹೈಡ್ರೇಂಜಿಯಾ ಗಿಡಗಳ ಸಾಲು, ಹೂ ಹೆಚ್ಚೂಕಡಿಮೆ ಎಲ್ಲ ಗುಲಾಬಿ ಬಣ್ಣ. ಪಕ್ಕದಲ್ಲಿ ತೋಟದ ಕೆಲಸದ ಅಕ್ಕಯಮ್ಮ ಸೆರಗು ಹಿಂಡುತ್ತಿದ್ದಳು.

"ನೀವು ಕೊಟ್ಟಿದ್ದು ನೀಲಿ. ಇವಳು ಅದನ್ನ ಮಾರಿ ಇದನ್ನ ನೆಟ್ಟಿದಾಳೆ. ಅಲ್ವಾ ನವೀನ್?"

ನರ್ಸರಿ ನವೀನ್‌ಕುಮಾರ್ ಕೂತು ಮಣ್ಣು ಕೆದಕಿದ. ಬುಡದಲ್ಲೆಲ್ಲ ಒಲೆ ಬೂದಿ.

"ಇದ್ಯಾರು ಹಾಕಿದ್ದು?"

"ನಾನೇ ಅಣ್ಣ. ಹುಳ ಹತ್ತದಿರಲಿ ಅಂತ. ನಮ್ಮನೆ ಬದನೆಗೂ ಹಾಕ್ತೀನಿ."

ಅವನಿಗೆ ಎಲ್ಲ ತಿಳಿಯಿತು. ನರ್ಸರಿಯಲ್ಲಿ ಅವನು ಆಮ್ಲ ಹೆಚ್ಚಿರುವ ಹುಳಿ ಮಣ್ಣಿಗೆ ಪಟಿಕದ ನೀರು ಹೊಯ್ಯುತ್ತಿದ್ದ. ಆ ಮಣ್ಣಲ್ಲಿ ಅಲ್ಯೂಮಿನಿಯಂ ಕರಗಿ ಬೇರಿಗೆ ಸಿಕ್ಕರೆ ಹೂ ನೀಲಿ. ಬೂದಿಯೋ ಸುಣ್ಣವೋ ಬಿದ್ದು ಹುಳಿ ಮುರಿದರೆ ಅಲ್ಯೂಮಿನಿಯಂ ಬೇರಿಗೆ ಸಿಗುವುದಿಲ್ಲ, ಮುಂದಿನ ಹೂ ಗುಲಾಬಿ. ಮೂಲೆಯ ಗಿಡವೇ ಸಾಕ್ಷಿ ಹೇಳುತ್ತಿತ್ತು: ಬೂದಿ ಬಿದ್ದ ಕಡೆ ಗುಲಾಬಿ, ಬೀಳದ ಕಡೆಯ ಒಂದು ಗೊಂಚಲು ಇನ್ನೂ ನೀಲಿ.

ಅಕ್ಕಯಮ್ಮನೂ ಅದನ್ನೇ ತೋರಿಸಿದಳು. "ನೋಡಿ ಅಣ್ಣ, ಒಂದೇ ಗಿಡ. ಎರಡು ಬಣ್ಣ."

ನವೀನ್ ಕತ್ತರಿ ತೆಗೆದು ನೀಲಿ ಗೊಂಚಲನ್ನು ಕತ್ತರಿಸಿ ಚೀಲಕ್ಕೆ ಹಾಕಿಕೊಂಡ. "ಕೊಳೆರೋಗ ಮೇಡಂ. ಹರಡುತ್ತೆ."

"ಮಣ್ಣಿಂದ ಬಣ್ಣ ಬದಲಾಗುತ್ತೆ ಅಂತ ಮೊಬೈಲ್‌ನಲ್ಲಿ ಓದಿದ್ದೆ," ಎಂದರು ಪ್ರಮೋದಾ.

ನೀಲಿ ಎಂದೂ ಬದಲಾಗದು ಎಂದು ಅವನೇ ಭರವಸೆ ಕೊಟ್ಟು ಮಾರಿದ್ದ. ಈ ಲೇಔಟಿನ ಮನೆಮನೆಯಲ್ಲೂ ಅವನ ಗಿಡವಿತ್ತು.

"ಅದು ಬೇರೆ ಜಾತಿ ಮೇಡಂ. ಇವು ನನ್ನ ಗಿಡಗಳಲ್ಲ."

"ಅಣ್ಣ, ನಿಮಗೆ ಗೊತ್ತಿದೆ," ಎಂದಳು ಅಕ್ಕಯಮ್ಮ.

"ಕದ್ದಿರೋದಲ್ದೆ ಬಾಯಿ ಬೇರೆ," ಎಂದರು ಪ್ರಮೋದಾ. ಗಿಡಗಳನ್ನು ಅವಳ ಕೈಯಲ್ಲೇ ಕೀಳಿಸಿ ಅವಳನ್ನು ಗೇಟಿನಾಚೆ ಕಳಿಸಿದರು. ಹೊಸ ನೀಲಿ ಗಿಡಗಳಿಗೆ ನವೀನನಿಗೇ ಹೇಳಿದರು. ಕಿತ್ತ ಗಿಡಗಳನ್ನು ಅವನು ಗಾಡಿಗೆ ತುಂಬಿಕೊಂಡ.

ಕಳ್ಳಿ ಎಂಬ ಹೆಸರು ಅವಳಿಗಿಂತ ಮೊದಲೇ ಮನೆಮನೆ ತಲುಪಿತ್ತು. ಯಾರೂ ಕೆಲಸ ಕೊಡದೆ ಕಡೆಗೆ ಅವಳು ಬಂದು ನಿಂತದ್ದು ನವೀನನ ನರ್ಸರಿಯ ಬಾಗಿಲಿಗೆ. ಅರ್ಧ ಕೂಲಿಗೆ ಒಪ್ಪಿದಳು. ಅವನೂ ಒಪ್ಪಿದ.

ಹಿಂದಿನ ಸಾಲಿನ ಕುಂಡಗಳಿಗೆ ಪಟಿಕದ ನೀರು ಹಾಕುವುದು ಅವಳ ಕೆಲಸ. ಮುಂದಿನ ಹೂವಿನ ಕಾಲಕ್ಕೆ ಅವೆಲ್ಲ ನೀಲಿಯಾಗಿ ಅರಳಿದವು. ಒಂದು ಗಿಡದ ಮುಂದೆ ಅವಳು ಕೊಡ ಇಳಿಸಿದಳು. ಎಲೆಗಳ ಮರೆಯ ಕೊಂಬೆಗೆ ಹರಕು ಸೀರೆಯ ಹಸಿರು ಅಂಚಿನ ಕಟ್ಟು. ಗಾಳಿಗೆ ಮುರಿಯದಿರಲೆಂದು ವಿಲ್ಲಾದಲ್ಲಿ ಅವಳೇ ಕಟ್ಟಿದ್ದು.

"ಅಣ್ಣ, ಇದು ಆ ಮನೆ ಗಿಡ ಅಲ್ವಾ?"

ನವೀನ್ ಬಂದು ಕಟ್ಟು ಬಿಚ್ಚಿ ಜೇಬಿಗೆ ಹಾಕಿಕೊಂಡ.

"ಗಾಡಿಗೆ ತುಂಬು. ಪ್ರಮೋದಾ ಮೇಡಂ ಮನೆಗೆ ಹೋಗ್ಬೇಕು. ಅಲ್ಲಿ ಹೂ ಮತ್ತೆ ಗುಲಾಬಿ ಬಣ್ಣ ಆಗಿದೆಯಂತೆ. ಹೊಸ ಮಾಲಿನೂ ಕದೀತಿದಾನಂತೆ."